ಸಹ-ಅರ್ಜಿದಾರ ಮತ್ತು ಜಾಮೀನುದಾರ

ಸಹ-ಅರ್ಜಿದಾರ ಮತ್ತು ಜಾಮೀನುದಾರ ಎಂಬುವರು ಸಾಲಪತ್ರಗಳಿಗೆ ಮುಖ್ಯ ಸಾಲಗಾರನೊಡನೆ ಸಹಿ ಹಾಕುವ ಎರಡು ಬಗೆಯ ವ್ಯಕ್ತಿಗಳು. ಸಹ-ಅರ್ಜಿದಾರನು ಸ್ವತಃ ಸಾಲಗಾರನೇ ಆಗಿರುತ್ತಾನೆ. ಜಾಮೀನುದಾರನು ಸಾಲ ಪಡೆಯುವುದಿಲ್ಲ. ಸಾಲಗಾರನು ತಪ್ಪಿದರೆ ತಾನು ತೀರಿಸುವೆನೆಂದು ಮಾತು ಕೊಡುತ್ತಾನೆ. ಸಾಲದ ಕಂತು ನಿಂತಾಗ ಬ್ಯಾಂಕಿನ ಎದುರು ಇಬ್ಬರ ಹೊಣೆಯೂ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಹಣ ಕಟ್ಟಿದ ಮೇಲೆ ಅದನ್ನು ಯಾರಿಂದ, ಎಷ್ಟು ಮರಳಿ ಪಡೆಯಬಹುದು ಎಂಬಲ್ಲಿ ವ್ಯತ್ಯಾಸವಿದೆ.

ಕಾನೂನಿನ ಆಧಾರ

ಭಾರತದಲ್ಲಿ ಈ ಸಂಬಂಧಗಳನ್ನು 1872ರ ಭಾರತೀಯ ಕರಾರು ಕಾಯಿದೆ ನಿಯಂತ್ರಿಸುತ್ತದೆ. ಅದರ 43ನೇ ಕಲಮಿನಂತೆ ಜಂಟಿಯಾಗಿ ಸಾಲ ಪಡೆದವರಲ್ಲಿ ಯಾರೊಬ್ಬರಿಂದಲಾದರೂ ಪೂರ್ತಿ ಬಾಕಿಯನ್ನು ಕೇಳಬಹುದು. 128ನೇ ಕಲಮಿನಂತೆ, ಪತ್ರದಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ ಇರುತ್ತದೆ.

ಬ್ಯಾಂಕು ಮೊದಲು ಸಾಲಗಾರನ ಆಸ್ತಿಯನ್ನು ಮಾರಿ, ಸಾಲದಿದ್ದರೆ ಮಾತ್ರ ಜಾಮೀನುದಾರನ ಬಳಿ ಬರಬೇಕು ಎಂಬ ನಂಬಿಕೆ ವ್ಯಾಪಕವಾಗಿದೆ. ಬ್ಯಾಂಕ್ ಆಫ್ ಬಿಹಾರ್ ವಿರುದ್ಧ ದಾಮೋದರ ಪ್ರಸಾದ್ ಪ್ರಕರಣದಲ್ಲಿ (1969ರಲ್ಲಿ ವರದಿಯಾದದ್ದು) ಸರ್ವೋಚ್ಚ ನ್ಯಾಯಾಲಯವು ಇದನ್ನು ತಿರಸ್ಕರಿಸಿತು. ಸಾಲಗಾರನಿಂದ ವಸೂಲಿಗೆ ಎಲ್ಲ ಪ್ರಯತ್ನ ಮುಗಿಯುವವರೆಗೆ ಜಾಮೀನುದಾರನನ್ನು ಮುಟ್ಟಬಾರದೆಂದು ಕೆಳ ನ್ಯಾಯಾಲಯ ವಿಧಿಸಿದ್ದ ಷರತ್ತನ್ನು ಅದು ತೆಗೆದುಹಾಕಿತು.

ತಂಬಾಕು ಬೆಳೆಯುವ ತಾಲ್ಲೂಕುಗಳಲ್ಲಿ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಮತ್ತು ಹೆಚ್.ಡಿ.ಕೋಟೆ ತಾಲ್ಲೂಕುಗಳಲ್ಲಿ ವರ್ಜೀನಿಯಾ ತಂಬಾಕು ಮುಖ್ಯ ವಾಣಿಜ್ಯ ಬೆಳೆ. ಬೆಳೆಗಾರನು ತಂಬಾಕು ಮಂಡಳಿಯ ಹರಾಜು ಕಟ್ಟೆಯಲ್ಲಿ ಎಲೆ ಮಾರಿದಾಗ ಬ್ಯಾಂಕಿನ ಸಾಲದ ಕಂತು ಸಾಮಾನ್ಯವಾಗಿ ಮಾರಾಟದ ಹಣದಲ್ಲಿಯೇ ಕಡಿತವಾಗುತ್ತದೆ. ಎಲೆ ಆ ಕಟ್ಟೆಗೆ ಬಾರದೆ ಹೊರಗೆ ಮಾರಾಟವಾದರೆ, ಅಥವಾ ಬೆಳೆ ಕೈಕೊಟ್ಟರೆ, ಕಡಿತವೂ ನಿಲ್ಲುತ್ತದೆ.

ಇದು ಜಾಮೀನುದಾರನಿಗೆ ತಡವಾಗಿ ತಿಳಿಯಲು ಒಂದು ಕಾರಣವಿದೆ. ಸಾಮಾನ್ಯ ಸಾಲವು 90 ದಿನ ಬಾಕಿಯಾದರೆ ವಸೂಲಾಗದ ಸಾಲವೆಂದು ಪರಿಗಣಿತವಾಗುತ್ತದೆ. ಅಲ್ಪಾವಧಿ ಬೆಳೆಯ ಸಾಲಕ್ಕೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಈ ಗಡುವು ಎರಡು ಬೆಳೆ ಹಂಗಾಮುಗಳು. ಆ ಅವಧಿಯಲ್ಲಿ ಬಡ್ಡಿ ಬೆಳೆಯುತ್ತಿದ್ದರೂ ಜಾಮೀನುದಾರನಿಗೆ ನೋಟಿಸು ಬಾರದಿರಬಹುದು. ಇದಲ್ಲದೆ, 2002ರ ಸರ್ಫೇಸಿ ಕಾಯಿದೆಯ ಅಡಿ ಕೃಷಿ ಭೂಮಿಯನ್ನು ಬ್ಯಾಂಕು ನೇರವಾಗಿ ವಶಪಡಿಸಿಕೊಳ್ಳುವಂತಿಲ್ಲ. ಹೀಗಾಗಿ ನ್ಯಾಯಾಲಯದ ಡಿಕ್ರಿ ಪಡೆದ ಮೇಲೆ ಸಂಬಳದಾರ ಜಾಮೀನುದಾರನ ಸಂಬಳವೇ ವಸೂಲಿಗೆ ಸುಲಭವಾಗುವುದುಂಟು.

ಒಂದು ಉದಾಹರಣೆ

ಹುಣಸೂರು ತಾಲ್ಲೂಕಿನ ಒಬ್ಬ ಬೆಳೆಗಾರನು ತಂಬಾಕು ಬೇಯಿಸುವ ಬ್ಯಾರನ್ ದುರಸ್ತಿಗೆ ಸಾಲ ಪಡೆದನೆಂದು ಭಾವಿಸೋಣ. ಅವನ ಹೆಂಡತಿ ಸಹ-ಅರ್ಜಿದಾರಳು. ಒಬ್ಬ ಶಾಲಾ ಶಿಕ್ಷಕ ಹಾಗೂ ಒಬ್ಬ ನೆರೆಹೊರೆಯ ರೈತ ಜಾಮೀನುದಾರರು. ಬಡ್ಡಿ ಸೇರಿ 3,00,000 ರೂಪಾಯಿ ಬಾಕಿ ಉಳಿಯಿತು. ಬ್ಯಾಂಕು ನಾಲ್ವರಲ್ಲಿ ಯಾರನ್ನಾದರೂ ಪೂರ್ತಿ ಮೊತ್ತಕ್ಕೆ ಕೇಳಬಹುದು.

ಡಿಕ್ರಿಯ ನಂತರ ಶಿಕ್ಷಕನ ಸಂಬಳ ಜಪ್ತಿಯಾದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಅನ್ವಯಿಸುತ್ತದೆ. ಲೆಕ್ಕಕ್ಕೆ ಬರುವ ಸಂಬಳ 46,000 ರೂಪಾಯಿಯಾದರೆ, ಮೊದಲ 1,000 ರೂಪಾಯಿ ಹಾಗೂ ಉಳಿದ 45,000ದ ಮೂರನೆಯ ಎರಡು ಭಾಗ ಸುರಕ್ಷಿತ. ತಿಂಗಳಿಗೆ 15,000 ಕಡಿತವಾಗಬಹುದು. ಒಂದೇ ಡಿಕ್ರಿಗೆ ಇಂಥ ಜಪ್ತಿ ಒಟ್ಟು 24 ತಿಂಗಳು ಮೀರುವಂತಿಲ್ಲ. ಮುಂದಿನ ಬಡ್ಡಿ ಹಾಗೂ ಖರ್ಚನ್ನು ಬಿಟ್ಟರೆ, ಈ ಸಾಲ 20 ತಿಂಗಳಲ್ಲಿ ತೀರುತ್ತದೆ.

ಕಟ್ಟಿದ ಹಣವನ್ನು ಮರಳಿ ಪಡೆಯುವುದು

ಪೂರ್ತಿ ಕಟ್ಟಿದ ಶಿಕ್ಷಕನು ಕರಾರು ಕಾಯಿದೆಯ 145ನೇ ಕಲಮಿನಂತೆ ಬೆಳೆಗಾರನಿಂದ 3,00,000 ರೂಪಾಯಿಯನ್ನು ಕೇಳಬಹುದು. 146ನೇ ಕಲಮಿನಂತೆ ಇನ್ನೊಬ್ಬ ಜಾಮೀನುದಾರನಿಂದ ಅರ್ಧ ಪಾಲು, ಅಂದರೆ 1,50,000 ಕೇಳಬಹುದು; ಆದರೆ ಎರಡೂ ಕಡೆಯಿಂದ ಒಟ್ಟು ಸಿಗುವುದು ಕಟ್ಟಿದ ಮೊತ್ತವನ್ನು ಮೀರುವಂತಿಲ್ಲ. ಬ್ಯಾಂಕಿನ ಬಳಿ ಅಡಮಾನವಿದ್ದರೆ ಅದರ ಮೇಲಿನ ಹಕ್ಕೂ ಅವನಿಗೆ ಬರುತ್ತದೆ (140 ಮತ್ತು 141ನೇ ಕಲಂ).

ಹೆಂಡತಿಯೇ ಪೂರ್ತಿ ಕಟ್ಟಿದ್ದರೆ ಅವಳ ಸ್ಥಾನ ಬೇರೆ. ಅವಳೂ ಸಾಲಗಾರಳಾದ್ದರಿಂದ, ಬೇರೆ ಒಪ್ಪಂದವಿಲ್ಲದಿದ್ದರೆ, ಗಂಡನಿಂದ ಸಮಪಾಲು ಮಾತ್ರ ಕೇಳಬಲ್ಲಳು. ಜಾಮೀನುದಾರರಿಂದ ಏನನ್ನೂ ಕೇಳಲಾಗದು. ಜಮೀನಿನ ಪಹಣಿ ಗಂಡನ ಹೆಸರಿನಲ್ಲೇ ಇದ್ದರೂ ಸಹಿ ಅವಳನ್ನು ಹೊಣೆಗಾರಳನ್ನಾಗಿಸುತ್ತದೆ. ಗಂಡನು ತೀರಿಹೋದರೂ ಆ ಹೊಣೆ ಉಳಿಯುತ್ತದೆ.

ಹೊಣೆಯಿಂದ ಬಿಡುಗಡೆ

ಜಾಮೀನುದಾರನ ಒಪ್ಪಿಗೆಯಿಲ್ಲದೆ ಬ್ಯಾಂಕು ಮತ್ತು ಸಾಲಗಾರ ಸಾಲದ ಷರತ್ತು ಬದಲಿಸಿದರೆ, 133ನೇ ಕಲಮಿನಂತೆ ಬದಲಾವಣೆಯ ನಂತರದ ವ್ಯವಹಾರಗಳಿಗೆ ಅವನು ಹೊಣೆಯಲ್ಲ. ಆದರೆ ಅನೇಕ ಬ್ಯಾಂಕುಗಳ ಜಾಮೀನು ಪತ್ರಗಳಲ್ಲಿ ಇಂಥ ಬದಲಾವಣೆಗೆ ಮುಂಚಿತವಾಗಿಯೇ ಒಪ್ಪಿಗೆ ಬರೆಸಿಕೊಂಡಿರುತ್ತಾರೆ. ಹಾಗಾಗಿ ಈ ರಕ್ಷಣೆ ಸಹಿ ಮಾಡಿದ ಪತ್ರದ ಮೇಲೆ ಅವಲಂಬಿತ. ಸಾಲ ಪಡೆದಾದ ಮೇಲೆ ಜಾಮೀನನ್ನು ಒಂದು ಪತ್ರ ಬರೆದು ಹಿಂತೆಗೆದುಕೊಳ್ಳಲಾಗದು; 130ನೇ ಕಲಮಿನಂತೆ ಮುಂದುವರಿಯುವ ಜಾಮೀನನ್ನು ಮುಂದಿನ ವ್ಯವಹಾರಗಳಿಗೆ ಮಾತ್ರ ರದ್ದುಪಡಿಸಬಹುದು.

ಸಾಲದ ಸ್ಥಿತಿಯನ್ನು ಜಾಮೀನುದಾರನು ನೋಟಿಸಿಗೂ ಮುನ್ನ ತಿಳಿಯಬಹುದು. ಸಿಬಿಲ್ ಮುಂತಾದ ಸಾಲಮಾಹಿತಿ ಸಂಸ್ಥೆಗಳು ವರ್ಷಕ್ಕೊಮ್ಮೆ ಉಚಿತವಾಗಿ ಪೂರ್ಣ ವರದಿ ಕೊಡಬೇಕು. ಜಾಮೀನಿನ ವಿವರವನ್ನು ಬ್ಯಾಂಕು ವರದಿ ಮಾಡಿದ್ದರೆ, ಬಾಕಿಯಾದ ದಿನಗಳು ಅದರಲ್ಲಿ ಕಾಣುತ್ತವೆ.