ಹಸಿ ಕಸ ಅಂದರೆ ಒದ್ದೆ ಕಸವಲ್ಲ!

ಜಿಡಗಾ: ‘ಹಸಿ ಕಸ ಬೇರೆ, ಒಣ ಕಸ ಬೇರೆ ಕೊಡಿ.’ ಆಳಂದದಂಥ ಪುರಸಭೆಯಾಗಲಿ, ಜಿಡಗಾದಂಥ ಊರಿನ ಪಂಚಾಯಿತಿಯಾಗಲಿ, ಕಚೇರಿಯ ಫಲಕ ಜನಕ್ಕೆ ಹೇಳಬೇಕಾದ ಮಾತು ಇದು. ಪಟ್ಟಣಗಳಿಗೆ ಇದನ್ನು 2016ರ ಘನತ್ಯಾಜ್ಯ ನಿಯಮ ಹೇಳಿತು; ಹಳ್ಳಿಗಳಿಗೆ 2020ರಲ್ಲಿ ಸ್ವಚ್ಛ ಭಾರತದ ಎರಡನೇ ಹಂತ ಅದೇ ಪಾಠ ತಂದಿತು. ಓದಲು ಸುಲಭ. ತೊಡಕಿರುವುದು ‘ಹಸಿ’, ‘ಒಣ’ ಎಂಬ ಎರಡು ಪದಗಳಲ್ಲೇ.

ಚಹಾ ಅಂಗಡಿಯ ಬುಟ್ಟಿಯನ್ನೇ ನೋಡಿ. ಸೋಸಿದ ಚಹಾಪುಡಿ, ಹಾಲಿನ ಪಾಕೀಟು, ಕುಡಿದೆಸೆದ ಕಾಗದದ ಕಪ್ಪು, ನಿನ್ನೆಯ ಖಡಕ್ ರೊಟ್ಟಿಯ ಚೂರು. ‘ಪಾಕೀಟು ಒದ್ದಿ ಅದ, ಹಸಿ ಕಸದಾಗ ಹಾಕ್ರಿ, ರೊಟ್ಟಿ ಒಣಗ್ಯದ, ಒಣ ಕಸಕ್ಕ ಹಾಕ್ರಿ’ ಎಂದು ಯಾರಿಗಾದರೂ ಅನಿಸುತ್ತದೆ. ಎರಡೂ ತಪ್ಪು.

ಇದಕ್ಕೆ ಒಂದೇ ಪರೀಕ್ಷೆ ಸಾಕು: ತಿಪ್ಪೆಗೆ ಹಾಕಿದರೆ ಗೊಬ್ಬರ ಆಗ್ತದೋ ಇಲ್ಲೋ? ಆಗುವುದಾದರೆ ಹಸಿ ಕಸ. ಚಹಾಪುಡಿ, ರೊಟ್ಟಿ, ತರಕಾರಿ ಸಿಪ್ಪೆ, ಬಾಳೆ ಎಲೆ ಎಷ್ಟು ಒಣಗಿದರೂ ಹಸಿ ಕಸವೇ. ಪ್ಲಾಸ್ಟಿಕ್, ಗಾಜು, ತಗಡು ಎಷ್ಟು ನೆನೆದರೂ ಒಣ ಕಸವೇ. ಕಾಗದದ ಕಪ್ಪಿನ ಒಳಗೆ ತೆಳ್ಳನೆಯ ಪ್ಲಾಸ್ಟಿಕ್ ಪದರ ಇರುತ್ತದೆ. ಆದ್ದರಿಂದ ಅದೂ ಒಣ ಕಸಕ್ಕೇ ಸೇರಿತು.

ಹಾಲಿನ ಪಾಕೀಟನ್ನು ತೊಳೆದು, ಒಣಗಿಸಿ ಕೊಡಬೇಕು. ಹಾಲು ಹುಳಿತು ನಾರುವ ಪಾಕೀಟನ್ನು ಗುಜರಿಯವನು ಮುಟ್ಟುವುದಿಲ್ಲ. ಮೂಲೆ ಕತ್ತರಿಸುವಾಗ ತುಂಡು ಪೂರಾ ಬೇರೆಯಾಗದಂತೆ ನೋಡಿಕೊಳ್ಳಬೇಕು. ಆ ಉಗುರಿನಷ್ಟು ಚೂರು ಹಸಿ ಕಸದಲ್ಲಿ ಬಿದ್ದರೆ ಹೆಕ್ಕಿ ತೆಗೆಯುವವರಿಲ್ಲ. ಗೊಬ್ಬರದ ಜೊತೆ ಹೊಲಕ್ಕೆ ಹೋಗಿ ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ.

ಕೆಟ್ಟ ಬಲ್ಬು, ಬ್ಯಾಟರಿ, ಅವಧಿ ಮೀರಿದ ಮಾತ್ರೆ ಈ ಎರಡಕ್ಕೂ ಸೇರವು, ಬೇರೆ ಇಡಬೇಕು. ಮುಟ್ಟಿನ ಪ್ಯಾಡು, ಮಕ್ಕಳ ಡೈಪರನ್ನು ಕಾಗದದಲ್ಲಿ ಸುತ್ತಿ ಬೇರೆಯೇ ಕೊಡಬೇಕು. ಬಿಚ್ಚಿ ಕೊಟ್ಟರೆ ಅದನ್ನು ಕೈಯಲ್ಲಿ ಆರಿಸುವವರು ಪೌರಕಾರ್ಮಿಕರು.

ಇನ್ನು ಹೊತ್ತಿನ ಮಾತು. ಫಲಕದಲ್ಲಿ ‘ಬೆಳಿಗ್ಗೆ’ ಎಂದಷ್ಟೇ ಬರೆದರೆ ಅಂಗಡಿಯವನಿಗೆ ಉಪಯೋಗವಿಲ್ಲ. ಉದಾಹರಣೆಗೆ, ಗಾಡಿ 7ಕ್ಕೆ ಬಜಾರ ದಾಟಿತು, ಅಂಗಡಿ ಬಾಗಿಲು ತೆರೆದದ್ದು 9ಕ್ಕೆ ಅನ್ನಿ. ಆ ಕಸ ಮರುದಿನದ ಗಾಡಿಗಾಗಿ 22 ಗಂಟೆ ಕಾಯಬೇಕು. ಅಷ್ಟರಲ್ಲಿ ಅದು ಚರಂಡಿಗೆ ಬೀಳುತ್ತದೆ, ಇಲ್ಲವೇ ಬೆಂಕಿಗೆ. ಬಸ್ಸಿಗೆ ಬೇಗ ಹೊರಡುವವರ ಮನೆಯದೂ ಇದೇ ಪಾಡು. ಬಜಾರಿಗೆ ಅಂಗಡಿ ತೆರೆದ ಮೇಲೆ ಇನ್ನೊಂದು ಸುತ್ತು ಇದ್ದರೆ ಅರ್ಧ ತಕರಾರು ಮುಗಿಯಿತು.

ಫಲಕ ಇಷ್ಟು ಹೇಳಿದರೆ ಸಾಕು:

‘ಕೊಳೆತು ಗೊಬ್ಬರ ಆಗುವುದು ಒಂದು ಬುಟ್ಟಿ. ಆಗದ್ದು ಇನ್ನೊಂದು ಬುಟ್ಟಿ, ತೊಳೆದು ಒಣಗಿಸಿ. ಬಲ್ಬು, ಮಾತ್ರೆ, ಪ್ಯಾಡು ಬೇರೆ ಬೇರೆ. ನಿಮ್ಮ ಓಣಿಗೆ ಗಾಡಿ ಇಷ್ಟು ಗಂಟೆಗೆ. ಬಜಾರಿಗೆ ಇಷ್ಟು ಗಂಟೆಗೆ.’

ಗಂಟೆ ತುಂಬುವುದು ಕಚೇರಿಯ ಕೆಲಸ. ಬುಟ್ಟಿ ತುಂಬುವುದು ಊರಿನವರದು.