ಕಬಡ್ಡಿ ಪಂದ್ಯಾಟದ ಬಜೆಟ್: ಮೊದಲು ಗಡಿಯಾರ, ಆಮೇಲೆ ಟ್ರೋಫಿ

ಕರಾವಳಿಯಲ್ಲಿ ಮಳೆಗಾಲ ಮುಗಿದು ಗದ್ದೆ ಕೊಯ್ಲಾದರೆ ಹೊನಲು ಬೆಳಕಿನ ಕಬಡ್ಡಿಯ ಬ್ಯಾನರ್‌ಗಳು ಏಳುತ್ತವೆ. ಯುವಕ ಮಂಡಲದ ಮೊದಲ ಸಭೆಯಲ್ಲಿ ಏಳುವ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: ‘ಪ್ರಥಮ ಬಹುಮಾನ ಎಷ್ಟು ಇಡುವ?’ ಪಕ್ಕದ ಊರಿನವರು ಹದಿನೈದು ಸಾವಿರ ಇಟ್ಟಿದ್ದರೆ ನಮ್ಮದು ಇಪ್ಪತ್ತು. ಬಜೆಟ್ ದಾರಿ ತಪ್ಪುವುದು ಇಲ್ಲಿಂದಲೇ. ಮೊದಲು ಕೇಳಬೇಕಾದದ್ದು ತಂಡಗಳೆಷ್ಟು, ಪಂದ್ಯಗಳೆಷ್ಟು, ಎಷ್ಟು ಗಂಟೆಗೆ ಮುಗಿಯಬೇಕು ಎಂದು. ಲೈಟು, ಜನರೇಟರ್, ಊಟ, ತೀರ್ಪುಗಾರರ ಸಂಭಾವನೆ ಎಲ್ಲವೂ ಆ ಉತ್ತರದ ಬೆನ್ನಿಗೇ ಬರುತ್ತವೆ.

24 ತಂಡಗಳ ಒಂದು ದಿನದ ಪಂದ್ಯಾಟ ಎಂದಿಟ್ಟುಕೊಳ್ಳೋಣ. ನಾಕೌಟ್ ಪದ್ಧತಿಯಲ್ಲಿ ಪ್ರತಿ ಪಂದ್ಯಕ್ಕೆ ಒಂದು ತಂಡ ಮನೆಗೆ ಹೋಗುತ್ತದೆ. ಕೊನೆಗೆ ಒಂದೇ ಉಳಿಯಬೇಕಾದರೆ 23 ಪಂದ್ಯ ಆಗಲೇಬೇಕು. ಪುರುಷರ ಕಬಡ್ಡಿಯಲ್ಲಿ ಅಧಿಕೃತ ಅವಧಿ 20 ನಿಮಿಷದ ಎರಡು ಅರ್ಧ. ಊರಿನ ಪಂದ್ಯಾಟದಲ್ಲಿ ಅದನ್ನು ಹತ್ತು ಹತ್ತಕ್ಕೆ ಇಳಿಸಿದರೂ ಟಾಸು, ಟೈಮ್‌ಔಟು, ತಂಡ ಅಂಕಣಕ್ಕೆ ಬರುವ ಹೊತ್ತು ಸೇರಿ ಅರ್ಧ ಗಂಟೆ ಹಿಡಿಯುತ್ತದೆ. ಒಂದೇ ಅಂಕಣವಾದರೆ ಹನ್ನೊಂದೂವರೆ ಗಂಟೆ. ಸಂಜೆ ಏಳಕ್ಕೆ ಶುರುವಾದ ಆಟ ಬೆಳಗಿನ ಆರೂವರೆಗೆ ಮುಗಿಯುವುದು ಹೀಗೆ.

ಶಬ್ದ ಮಾಲಿನ್ಯದ 2000ನೇ ಇಸವಿಯ ನಿಯಮದಂತೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಪೊಲೀಸ್ ಠಾಣೆಯಲ್ಲಿ ಅನುಮತಿ ಕೇಳುವಾಗಲೂ ಮುಗಿಯುವ ಸಮಯ ಕೇಳುತ್ತಾರೆ. ಆದ್ದರಿಂದ ಹತ್ತು ಗಂಟೆಯನ್ನು ಗೆರೆಯಾಗಿಟ್ಟು ಹಿಂದಕ್ಕೆ ಎಣಿಸಬೇಕು. ಎರಡು ಅಂಕಣ ಮಾಡಿ ಮಧ್ಯಾಹ್ನ ಒಂದಕ್ಕೆ ಶುರು ಮಾಡಿದರೆ ಮೊದಲ ಎರಡು ಸುತ್ತಿನ 16 ಪಂದ್ಯ ಐದಕ್ಕೆ ಮುಗಿಯುತ್ತವೆ. ಸಭಾ ಕಾರ್ಯಕ್ರಮಕ್ಕೆ ಅರ್ಧ ಗಂಟೆ. ಐದೂವರೆಯಿಂದ ಒಂದೇ ಅಂಕಣದಲ್ಲಿ ನಾಲ್ಕು ಕ್ವಾರ್ಟರ್ ಫೈನಲ್. ಏಳೂವರೆಯಿಂದ ಹದಿನೈದು ಹದಿನೈದು ನಿಮಿಷದ ಸೆಮಿಫೈನಲ್, ಫೈನಲ್. ಒಂಬತ್ತೂವರೆಗೆ ಬಹುಮಾನ ವಿತರಣೆ. ಲೈಟು ಉರಿಯಬೇಕಾದದ್ದು ನಾಲ್ಕೇ ಗಂಟೆ, ಅದೂ ಒಂದೇ ಅಂಕಣಕ್ಕೆ.

ಇನ್ನು ಹಣ. ಕೆಳಗಿನ ದರಗಳು ಲೆಕ್ಕ ಮಾಡುವ ಕ್ರಮ ತೋರಿಸಲು ಹಿಡಿದ ಅಂದಾಜು. ನಿಮ್ಮೂರಿನ ದರ ಹಾಕಿ ಮತ್ತೆ ಕೂಡಿಸಿಕೊಳ್ಳಿ.

ಅಂಕಣ ಸಿದ್ಧತೆ: 20,000
ನಗದು ಬಹುಮಾನ: 44,000
ಟ್ರೋಫಿ, ವೈಯಕ್ತಿಕ ಬಹುಮಾನ: 10,000
ತೀರ್ಪುಗಾರರು: 12,000
ಲೈಟು, ಮೈಕು, ಜನರೇಟರ್: 20,000
ಶಾಮಿಯಾನ, ವೇದಿಕೆ, ಕುರ್ಚಿ: 14,000
ಊಟ: 18,000
ಬ್ಯಾನರ್, ರಶೀದಿ ಪುಸ್ತಕ, ಅನುಮತಿ: 6,000
ಪ್ರಥಮ ಚಿಕಿತ್ಸೆ, ಐಸು, ವಾಹನ: 5,000
ಅನಿರೀಕ್ಷಿತ ಖರ್ಚು: 15,000
ಒಟ್ಟು: 1,64,000 ರೂಪಾಯಿ

ನಗದು ಬಹುಮಾನ ಅಂದರೆ ಇಪ್ಪತ್ತು, ಹನ್ನೆರಡು, ಮತ್ತು ಸೆಮಿಫೈನಲ್‌ನಲ್ಲಿ ಸೋತ ಎರಡೂ ತಂಡಗಳಿಗೆ ತಲಾ ಆರು ಸಾವಿರ. ತಂಡಕ್ಕೆ ಸಾವಿರ ರೂಪಾಯಿ ಪ್ರವೇಶ ಶುಲ್ಕ ಇಟ್ಟರೆ ಬರುವುದು 24,000. ಇದು ಮೊದಲೆರಡು ಬಹುಮಾನಕ್ಕೂ ಸಾಲದು. ಉಳಿದ 1,40,000 ದಾನಿಗಳಿಂದಲೇ ಆಗಬೇಕು.

‘ಹಾಗಾದರೆ ತಂಡ ಹೆಚ್ಚು ಮಾಡುವ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಒಂದು ತಂಡ ಸಾವಿರ ಕೊಡುತ್ತದೆ. ಹತ್ತು ಜನ ಬಂದು ತಲಾ ಅರವತ್ತು ರೂಪಾಯಿಯ ಊಟ ಮಾಡಿದರೆ ಆರುನೂರು ಹೋಯಿತು. ಉಳಿದದ್ದು ನಾನೂರು. ಅದಕ್ಕೆ ಪ್ರತಿಯಾಗಿ ಅಂಕಣದ ಅರ್ಧ ಗಂಟೆ ಕೊಡಬೇಕು. ಎಂಟು ತಂಡ ಹೆಚ್ಚಿಸಿದರೆ ಕೈಗೆ ಬರುವುದು 3,200. ಎರಡು ಅಂಕಣದಲ್ಲಿ ಆಡಿಸಿದರೂ ಎರಡು ಗಂಟೆ ಜಾಸ್ತಿ. ಹತ್ತರ ಗೆರೆ ದಾಟುತ್ತದೆ, ಜನರೇಟರಿನ ಡೀಸೆಲ್ ಏರುತ್ತದೆ. ತಂಡಗಳನ್ನು ಸೇರಿಸಿ ಕೊರತೆ ತುಂಬಿಸಲು ಆಗುವುದಿಲ್ಲ.

ಮಣ್ಣಿನ ಅಂಕಣದ ಖರ್ಚು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಸುತ್ತ ಒಂದೊಂದು ಮೀಟರ್ ಸೇರಿಸಿ ಎರಡಿಂಚು ದಪ್ಪ ಮಣ್ಣು ಹಾಸಲು ಸುಮಾರು 9 ಘನ ಮೀಟರ್ ಬೇಕು; ನೂರು ಘನ ಅಡಿಯ ಟಿಪ್ಪರಿನಲ್ಲಿ ಮೂರು ಲೋಡು. ಎರಡು ಅಂಕಣಕ್ಕೆ ಆರು ಲೋಡು, ಎರಡೆರಡು ಸಾವಿರದಂತೆ ಹನ್ನೆರಡು ಸಾವಿರ. ಉಳಿದ ಎಂಟು ಸಾವಿರ ನೀರು, ರೋಲರ್, ಆಳು, ಗೆರೆಯ ಪಟ್ಟಿಗೆ.

ನಮ್ಮ ಶಾಲಾ ಮೈದಾನಗಳಲ್ಲಿ ಮುರಕಲ್ಲಿನ ಚೂರು ತಪ್ಪಿದ್ದಲ್ಲ. ಮೇಲ್ಪದರ ಕೆದಕಿ ಕಲ್ಲು ಹೆಕ್ಕಬೇಕು, ತಂದ ಮಣ್ಣನ್ನೂ ಜರಡಿ ಹಿಡಿಯಬೇಕು. ಹಾಸಿ, ನೀರು ಚಿಮುಕಿಸಿ, ರೋಲರ್ ಎಳೆದು, ಒಣಗಲು ಬಿಟ್ಟು ಮತ್ತೆ ನೀರು. ಇದಕ್ಕೆ ಒಂದು ವಾರವಾದರೂ ಬೇಕು. ಹಿಂದಿನ ದಿನ ತಂದು ಸುರಿದ ಮಣ್ಣು ಮೂರನೇ ಪಂದ್ಯಕ್ಕೇ ಹುಡಿಯಾಗಿ ಏಳುತ್ತದೆ. ಹದ ಬಂದಿದೆಯೇ ಎಂದು ನೋಡಲು ಹಿಮ್ಮಡಿ ಊರಿ ನಡೆಯಿರಿ. ಗುರುತು ಬೀಳಬೇಕು, ಕಾಲು ಹೂತುಹೋಗಬಾರದು. ಗುರುತೇ ಬೀಳದಿದ್ದರೆ ಮೊಣಕಾಲಿನ ಚರ್ಮ ಉಳಿಯುವುದಿಲ್ಲ. ಹೂತುಹೋದರೆ ಪಾದ ಮಡಚುತ್ತದೆ. ಗೆರೆಗೆ ಸುಣ್ಣದ ಪುಡಿ ಎಳೆಯಬೇಡಿ. ಹಿಡಿತದಲ್ಲಿ ಮುಖ ನೆಲಕ್ಕೆ ಬಿದ್ದಾಗ ಅದು ಕಣ್ಣು ಸುಡುತ್ತದೆ. ಬಟ್ಟೆಯದೋ ನೈಲಾನಿನದೋ ಪಟ್ಟಿ ಹಾಸಿ, ಮೊಳೆಯ ತಲೆ ಮೇಲೆ ಕಾಣದಂತೆ ಹೊಡೆಯಿರಿ.

ಕಬಡ್ಡಿಗೆ ಒಬ್ಬ ರೆಫ್ರಿ, ಇಬ್ಬರು ಅಂಪೈರ್, ಒಬ್ಬ ಸ್ಕೋರರ್, ಇಬ್ಬರು ಸಹಾಯಕ ಸ್ಕೋರರ್ ಬೇಕು. ಎರಡು ಅಂಕಣಕ್ಕೆ ಹನ್ನೆರಡು ಜನ. ಸ್ಕೋರಿಂಗಿಗೆ ಮಂಡಲದ ಹುಡುಗರನ್ನೇ ತಯಾರು ಮಾಡಬಹುದು. ಆದರೆ ದಾಳಿಗಾರನ ಕಾಲು ಬೋನಸ್ ಗೆರೆ ದಾಟಿತೇ, ಮುಟ್ಟುವ ಮೊದಲು ಲಾಬಿಗೆ ಇಳಿದನೇ ಎಂದು ಹೇಳಲು ಪಳಗಿದ ಕಣ್ಣೇ ಬೇಕು. ಅಂಥ ಆರು ಜನರಿಗೆ ತಲಾ 1,500ರಂತೆ 9,000, ಹೋಗಿಬರುವ ಖರ್ಚು 3,000. ಆಡುವ ತಂಡಗಳ ಊರಿನವರು ಬೇಡ. ಸಂಭಾವನೆಯ ಲಕೋಟೆಯನ್ನು ಫೈನಲ್‌ಗೆ ಮುಂಚೆಯೇ ಕೊಟ್ಟುಬಿಡಿ. ಫಲಿತಾಂಶಕ್ಕೂ ಹಣಕ್ಕೂ ಯಾರೂ ಗಂಟು ಹಾಕುವಂತಿರಬಾರದು. 60 ಕೆ.ಜಿ. ಒಳಗಿನ ಪಂದ್ಯಾಟವಾದರೆ ತೂಕ ನೋಡುವ ಕೆಲಸವೂ ಅವರ ಎದುರೇ, ಒಂದೇ ಯಂತ್ರದಲ್ಲಿ ಆಗಲಿ.

ಬಜೆಟ್ ಕುಸಿಯುವುದು ಹೆಚ್ಚಾಗಿ ಖರ್ಚಿನ ಕಡೆಯಿಂದಲ್ಲ. ವೇದಿಕೆಯಲ್ಲಿ ಘೋಷಿಸಿದ ಹಣ ಕೈಗೆ ಬರುವುದಿಲ್ಲ. ದಾನಿಯೊಬ್ಬರು ‘ಪ್ರಥಮ ಬಹುಮಾನ ನನ್ನದು’ ಎಂದರೆ ಬ್ಯಾನರಿನಲ್ಲಿ ಹೆಸರು ಅಚ್ಚಾಗುತ್ತದೆ, ಹಣ ಮಾತ್ರ ‘ಮುಂದಿನ ವಾರ’. ಆ ರಾತ್ರಿ ಗೆದ್ದ ತಂಡಕ್ಕೆ ಕೊಡಲು ಕಾರ್ಯದರ್ಶಿ ಸಾಲ ಮಾಡುತ್ತಾನೆ. ಮಂಡಲದ ಖಾತೆಗೆ ಬಂದ ಮೊತ್ತಕ್ಕೆ ಮಾತ್ರ ಬಹುಮಾನ ಅಚ್ಚು ಹಾಕಿಸಿ. ಟಿಪ್ಪರಿನವರು ಮಣ್ಣನ್ನೇ ದಾನ ಕೊಟ್ಟರೆ ಅದರ ಬೆಲೆಯನ್ನು ಜಮೆಯಲ್ಲೂ ಖರ್ಚಿನಲ್ಲೂ ಬರೆಯಿರಿ. ಒಂದೇ ಕಡೆ ಬರೆದರೆ ಲೆಕ್ಕ ಒಪ್ಪಿಸುವ ಸಭೆಯಲ್ಲಿ ಜಗಳ ಖಂಡಿತ.

ಬ್ಯಾನರಿಗೆ ಕೊಡುವ ಹಿಂದಿನ ದಿನ ಮೂವತ್ತು ಸಾವಿರ ಕೊರತೆ ಕಂಡರೆ? ವೇದಿಕೆ ಚಿಕ್ಕದು ಮಾಡಿ ಐದು, ಟ್ರೋಫಿಯ ಎತ್ತರ ಇಳಿಸಿ ಮೂರು, ಬ್ಯಾನರಿನಲ್ಲಿ ಎರಡು ಸಾವಿರ ಉಳಿಸಬಹುದು. ಉಳಿದ ಇಪ್ಪತ್ತು ಬಹುಮಾನದಿಂದಲೇ ಹೋಗಬೇಕು: ಹನ್ನೆರಡು, ಆರು, ಮೂರು, ಮೂರು. ಮಣ್ಣು, ತೀರ್ಪುಗಾರರು, ಐಸಿನ ಬಾಬ್ತನ್ನು ಮುಟ್ಟಬೇಡಿ. ಹನ್ನೆರಡು ಸಾವಿರದ ಬಹುಮಾನಕ್ಕೂ ತಂಡಗಳು ಬರುತ್ತವೆ. ಹಾಳು ಅಂಕಣದಲ್ಲಿ ಆಟಗಾರನ ಕಾಲು ಮುರಿದ ಊರಿಗೆ ಮುಂದಿನ ವರ್ಷ ನಲವತ್ತು ಸಾವಿರ ಇಟ್ಟರೂ ಒಳ್ಳೆಯ ತಂಡಗಳು ಬರುವುದಿಲ್ಲ.