ಹೊಸ ಕಂಪ್ಯೂಟರ್ ಆನ್ ಮಾಡಿದರೂ ಪರದೆ ಕಪ್ಪಾಗಿಯೇ ಇದೆಯೇ? ಮದರ್‌ಬೋರ್ಡಿನ ನಾಲ್ಕು ಪುಟ್ಟ ದೀಪಗಳನ್ನು ನೋಡಿ

ಬಿಡಿ ಭಾಗಗಳನ್ನು ಕೊಂಡು ತಂದು ಮನೆಯಲ್ಲೇ ಕಂಪ್ಯೂಟರ್ ಜೋಡಿಸಿದ್ದೀರಿ. ಗುಂಡಿ ಒತ್ತಿದಾಗ ಫ್ಯಾನ್‌ಗಳು ತಿರುಗುತ್ತವೆ, ಬಣ್ಣದ ದೀಪಗಳು ಹೊತ್ತಿಕೊಳ್ಳುತ್ತವೆ. ಆದರೆ ಮಾನಿಟರ್ ಮೇಲೆ ‘ಸಿಗ್ನಲ್ ಇಲ್ಲ’ ಎಂಬ ಸೂಚನೆ ಬಿಟ್ಟರೆ ಬೇರೇನೂ ಇಲ್ಲ. ಇಂಥ ಹೊತ್ತಿನಲ್ಲಿ ಸುತ್ತಲಿನವರಿಂದ ಮೂರು ಮಾತು ಕೇಳಿಬರುವುದು ಸಾಮಾನ್ಯ: ‘ಬೋರ್ಡ್ ಹೋಗಿದೆ’, ‘ಗ್ರಾಫಿಕ್ಸ್ ಕಾರ್ಡ್ ಸತ್ತಿದೆ’, ‘ರ‍್ಯಾಮ್ ತೆಗೆದು ರಬ್ಬರ್‌ನಿಂದ ಉಜ್ಜಿ ಹಾಕು’. ಮೂರೂ ಬರಿಯ ಊಹೆಗಳು. ಊಹೆ ನಂಬಿ ಒಳ್ಳೆಯ ಭಾಗವನ್ನೇ ವಾರಂಟಿಗೆ ಕಳಿಸಿದರೆ ವಾರಗಟ್ಟಲೆ ಕಾಯಬೇಕು, ಅದು ‘ದೋಷವಿಲ್ಲ’ ಎಂಬ ಚೀಟಿಯೊಡನೆ ವಾಪಸ್ ಬರುತ್ತದೆ. ತೊಂದರೆ ಇದ್ದಲ್ಲೇ ಇರುತ್ತದೆ.

ಊಹೆ ಬಿಟ್ಟು ಹುಡುಕಲು ಎರಡು ಸಾಧನಗಳು ಸಾಕು. ಒಂದು, ಈಗಿನ ಬಹುತೇಕ ಮದರ್‌ಬೋರ್ಡ್‌ಗಳಲ್ಲಿರುವ ನಾಲ್ಕು ಪುಟ್ಟ ಎಲ್‌ಇಡಿಗಳು. ಇನ್ನೊಂದು, ಅತಿ ಕಡಿಮೆ ಭಾಗಗಳಿಂದ ಯಂತ್ರವನ್ನು ಎಬ್ಬಿಸಿ ನೋಡುವ ಪದ್ಧತಿ.

ದೀಪಗಳು ಹೇಳುವುದೇನು?

ಬೋರ್ಡಿನ ಬಲ ಅಂಚಿನಲ್ಲಿ, ಸಾಮಾನ್ಯವಾಗಿ ದೊಡ್ಡ 24 ಪಿನ್ ಪವರ್ ಕೇಬಲ್‌ನ ಆಸುಪಾಸಿನಲ್ಲಿ, CPU, DRAM, VGA, BOOT ಎಂದು ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಪ್ರತಿ ಹೆಸರಿನ ಪಕ್ಕ ಒಂದು ದೀಪ. ಎಂಎಸ್‌ಐ ಇದನ್ನು ‘ಈಜಿ ಡೀಬಗ್’ ಎಂದೂ ಏಸಸ್ ‘ಕ್ಯೂ-ಎಲ್‌ಇಡಿ’ ಎಂದೂ ಕರೆಯುತ್ತವೆ. ದೀಪಗಳ ಬಣ್ಣ ಬೋರ್ಡಿನಿಂದ ಬೋರ್ಡಿಗೆ ಬದಲಾಗಬಹುದು. ಹಾಗಾಗಿ ಬಣ್ಣ ನೋಡಬೇಡಿ, ಹೆಸರು ಓದಿ.

ಕಂಪ್ಯೂಟರ್ ಆನ್ ಆದ ಕೂಡಲೇ ಬೋರ್ಡಿನಲ್ಲಿರುವ ಬಯೋಸ್ ಎಂಬ ತಂತ್ರಾಂಶ ಭಾಗಗಳನ್ನು ಒಂದೊಂದಾಗಿ ಎಬ್ಬಿಸಿ ಪರೀಕ್ಷಿಸುತ್ತದೆ: ಮೊದಲು ಪ್ರೊಸೆಸರ್, ನಂತರ ರ‍್ಯಾಮ್, ಆಮೇಲೆ ಗ್ರಾಫಿಕ್ಸ್, ಕೊನೆಗೆ ವಿಂಡೋಸ್ ಇರುವ ಡ್ರೈವ್. ಯಾವುದನ್ನು ಪರೀಕ್ಷಿಸುತ್ತಿದೆಯೋ ಅದರ ದೀಪ ಹೊತ್ತಿರುತ್ತದೆ. ಆ ಹಂತ ದಾಟಿದರೆ ದೀಪ ಆರಿ ಮುಂದಿನದು ಹೊತ್ತುತ್ತದೆ. ಯಾವ ದೀಪ ಆರದೆ ಉಳಿಯಿತೋ, ಯಂತ್ರ ಅಲ್ಲಿ ನಿಂತಿದೆ ಎಂದರ್ಥ.

ಇಲ್ಲೇ ಹಲವರು ಎಡವುತ್ತಾರೆ. ರೈಲು ಅರಸೀಕೆರೆಯಲ್ಲಿ ನಿಂತಿದೆ ಎಂದರೆ ದೋಷ ಅರಸೀಕೆರೆಯದೇ ಆಗಬೇಕಿಲ್ಲ. ಹಾಗೆಯೇ DRAM ದೀಪ ಉಳಿದರೆ ರ‍್ಯಾಮ್ ಕೆಟ್ಟಿದೆ ಎಂದಲ್ಲ. ರ‍್ಯಾಮ್ ಸರಿಯಾಗಿ ಕೂತಿಲ್ಲದಿರಬಹುದು, ಸ್ಲಾಟ್‌ನಲ್ಲಿ ತೊಂದರೆ ಇರಬಹುದು, ಪ್ರೊಸೆಸರ್‌ನ ಸಾಕೆಟ್‌ನಲ್ಲಿ ಒಂದು ಪಿನ್ ಬಾಗಿರಬಹುದು. ರ‍್ಯಾಮ್‌ನೊಡನೆ ಮಾತಾಡುವ ನಿಯಂತ್ರಕ ಪ್ರೊಸೆಸರ್‌ನೊಳಗೇ ಇರುವುದು ಇದಕ್ಕೆ ಕಾರಣ.

ಫ್ಯಾನ್ ತಿರುಗುವುದರಿಂದ ಏನೂ ತಿಳಿಯುವುದಿಲ್ಲ ಎಂಬುದನ್ನೂ ನೆನಪಿಡಿ. ಫ್ಯಾನ್‌ಗೆ 12 ವೋಲ್ಟ್ ಸಿಕ್ಕರೆ ಸಾಕು, ಪ್ರೊಸೆಸರ್ ಕೆಲಸ ಮಾಡದಿದ್ದರೂ ಅದು ತಿರುಗುತ್ತದೆ.

ಮೊದಲ ಬಾರಿ ಯಾಕೆ ಕಾಯಬೇಕು?

ಎಎಂಡಿಯ ಎಎಂ5 ಸಾಕೆಟ್ ಮತ್ತು ಡಿಡಿಆರ್5 ರ‍್ಯಾಮ್ ಇರುವ ಯಂತ್ರ ಮೊದಲ ಸಲ ಆನ್ ಆದಾಗ DRAM ದೀಪ ಹಲವು ನಿಮಿಷ ಉರಿಯುವುದು ಸಹಜ. ರ‍್ಯಾಮ್ ಹೆಚ್ಚಿದ್ದಷ್ಟು ಈ ಸಮಯವೂ ಹೆಚ್ಚು. ಚಿತ್ರ ಮೂಡುವುದು ರ‍್ಯಾಮ್ ಸಿದ್ಧವಾದ ಮೇಲೆ, ಆದ್ದರಿಂದ ಅಷ್ಟು ಹೊತ್ತೂ ಪರದೆ ಕಪ್ಪಾಗಿಯೇ ಇರುತ್ತದೆ.

ಅಷ್ಟು ಹೊತ್ತು ಅದು ಮಾಡುವುದೇನು? ಡಿಡಿಆರ್5-6000 ರ‍್ಯಾಮ್‌ನ ಪ್ರತಿ ದತ್ತಾಂಶ ಎಳೆಯ ಮೇಲೆ ಸೆಕೆಂಡಿಗೆ 600 ಕೋಟಿ ಬಿಟ್‌ಗಳು ಹರಿಯುತ್ತವೆ. ಒಂದು ಬಿಟ್ ಹಾದುಹೋಗಿ ಇನ್ನೊಂದು ಬರುವುದರೊಳಗೆ ಬೋರ್ಡಿನ ತಾಮ್ರದ ಎಳೆಯಲ್ಲಿ ಸಂಕೇತ ಕ್ರಮಿಸುವುದು ಸುಮಾರು ಎರಡೂವರೆ ಸೆಂಟಿಮೀಟರ್ ಮಾತ್ರ. ಎಳೆಗಳ ಉದ್ದದಲ್ಲಿ, ಚಿಪ್‌ಗಳ ಗುಣದಲ್ಲಿ ಅಷ್ಟಿಷ್ಟು ವ್ಯತ್ಯಾಸವಿದ್ದರೂ ಓದುವ ಕ್ಷಣ ತಪ್ಪುತ್ತದೆ. ಹಾಗಾಗಿ ನಿಯಂತ್ರಕ ತನಗೆ ಗೊತ್ತಿರುವ ಮಾದರಿಗಳನ್ನು ಬರೆದು, ಸಮಯವನ್ನೂ ವೋಲ್ಟೇಜನ್ನೂ ಸ್ವಲ್ಪ ಸ್ವಲ್ಪವೇ ಸರಿಸುತ್ತಾ, ಎಲ್ಲಿ ಸರಿಯಾಗಿ ಓದಲು ಬರುತ್ತದೆ ಎಂದು ಹುಡುಕುತ್ತದೆ. ಹಳೆಯ ರೇಡಿಯೊದ ತಿರುಗಣೆ ತಿರುವಿ ಸ್ಟೇಷನ್ ಹಿಡಿದಂತೆ. ಇದಕ್ಕೆ ‘ಮೆಮೊರಿ ಟ್ರೈನಿಂಗ್’ ಎಂದು ಹೆಸರು. ಒಮ್ಮೆ ಹಿಡಿದದ್ದನ್ನು ಬೋರ್ಡ್ ಉಳಿಸಿಕೊಳ್ಳಬಲ್ಲದು, ಆಮೇಲಿನ ಆರಂಭಗಳು ಬೇಗ ಆಗುತ್ತವೆ.

ಗಾಬರಿಯಿಂದ ಎರಡೇ ನಿಮಿಷಕ್ಕೆ ಸ್ವಿಚ್ ಆರಿಸಿದರೆ ಹುಡುಕಾಟ ಮತ್ತೆ ಮೊದಲಿಂದ ಶುರುವಾಗುತ್ತದೆ. ಹೀಗೆ ಐದಾರು ಸಲ ಮಾಡಿ ‘ಬೋರ್ಡ್ ಹೋಗಿದೆ’ ಎಂದು ತೀರ್ಮಾನಿಸುವವರಿದ್ದಾರೆ. DRAM ದೀಪ ಉರಿಯುತ್ತಿದ್ದರೆ ಗಡಿಯಾರ ನೋಡಿಕೊಂಡು 15 ನಿಮಿಷ ಬಿಡಿ. ನಡುವೆ ಯಂತ್ರ ತಾನಾಗಿಯೇ ಒಂದೆರಡು ಸಲ ಆರಿ ಹೊತ್ತಿದರೂ ಮುಟ್ಟಬೇಡಿ.

ಬಿಚ್ಚುವ ಮೊದಲು

ಕಾದರೂ ಚಿತ್ರ ಬರಲಿಲ್ಲ ಎಂದುಕೊಳ್ಳೋಣ. ಎಸ್‌ಎಂಪಿಎಸ್‌ನ ಹಿಂದಿನ ಸ್ವಿಚ್ ಆರಿಸಿ, ಗೋಡೆಯ ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಒಮ್ಮೆ ಒತ್ತಿ ಉಳಿದ ವಿದ್ಯುತ್ ಹೋಗಲು ಬಿಡಿ. ಇನ್ನು ಮುಂದೆ ಯಾವ ಭಾಗ ತೆಗೆಯುವಾಗಲೂ ಹಾಕುವಾಗಲೂ ಇದು ಕಡ್ಡಾಯ.

ದೀಪ ನಿಂತ ಜಾಗವೇ ಮೊದಲು ಎಲ್ಲಿ ನೋಡಬೇಕೆಂದು ತೋರಿಸುತ್ತದೆ. CPU ದೀಪವಾದರೆ ಬೋರ್ಡಿನ ಎಡ ಮೇಲಿನ ಮೂಲೆಯ 8 ಪಿನ್ ಕೇಬಲ್ ನೋಡಿ. ಅದು 4+4 ಆಗಿ ಬೇರ್ಪಡುವ ಪ್ರೊಸೆಸರ್ ಕೇಬಲ್ ಆಗಿರಬೇಕು. 6+2 ಆಗಿ ಬೇರ್ಪಡುವುದು ಗ್ರಾಫಿಕ್ಸ್ ಕಾರ್ಡಿನದು. ಅದರ ಅದಲುಬದಲು ಅಪಾಯ, ಒತ್ತಾಯದಿಂದ ತುರುಕಬೇಡಿ. ಪ್ರೊಸೆಸರ್ ಬೋರ್ಡಿಗಿಂತ ಹೊಸ ಪೀಳಿಗೆಯದಾಗಿದ್ದರೆ ಹಳೆಯ ಬಯೋಸ್ ಅದನ್ನು ಗುರುತಿಸದೆಯೂ ಇರಬಹುದು. ರೈಜನ್ 9000 ಸರಣಿಯ ಚಿಪ್ಪನ್ನು ಮೊದಮೊದಲು ಬಂದ ಬಿ650 ಬೋರ್ಡಿಗೆ ಹಾಕಿದರೆ ಹೀಗಾಗುತ್ತದೆ.

VGA ದೀಪವಾದರೆ ಕಾರ್ಡಿನ ಪವರ್ ಕೇಬಲ್, ಕಾರ್ಡ್ ಪೂರ್ತಿ ಕೂತಿದೆಯೇ ಎಂಬುದು, ಮಾನಿಟರ್ ಕೇಬಲ್ ಇವುಗಳನ್ನು ನೋಡಿ. ಕಾರ್ಡ್ ಹಾಕಿದ ಮೇಲೆ ಮಾನಿಟರ್ ಕೇಬಲ್ ಕಾರ್ಡಿನ ಕಿಂಡಿಗೇ ಹೋಗಬೇಕು. BOOT ದೀಪ ಮಾತ್ರ ಉಳಿದು ಪರದೆಯಲ್ಲಿ ಬಯೋಸ್ ಕಂಡರೆ ಯಂತ್ರ ಸರಿಯಾಗಿಯೇ ಇದೆ, ಖಾಲಿ ಎಸ್‌ಎಸ್‌ಡಿಯಲ್ಲಿ ಇನ್ನೂ ವಿಂಡೋಸ್ ಇಲ್ಲ ಅಷ್ಟೆ.

ಕನಿಷ್ಠ ಭಾಗಗಳ ಪರೀಕ್ಷೆ: ಒಂದು ಉದಾಹರಣೆ

ಒಂದು ಯಂತ್ರ ಹೀಗಿದೆ ಎನ್ನೋಣ: ರೈಜನ್ 5 7600, ಬಿ650 ಬೋರ್ಡ್, 16 ಜಿಬಿಯ ಎರಡು ಡಿಡಿಆರ್5 ಪಟ್ಟಿಗಳು, ಒಂದು ಗ್ರಾಫಿಕ್ಸ್ ಕಾರ್ಡ್, ಒಂದು ಎಸ್‌ಎಸ್‌ಡಿ. 20 ನಿಮಿಷ ಕಾದರೂ DRAM ದೀಪ ಆರಿಲ್ಲ.

ಮೊದಲು ಅಗತ್ಯವಿಲ್ಲದ್ದನ್ನೆಲ್ಲ ತೆಗೆಯಬೇಕು. ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ, ಕ್ಯಾಬಿನೆಟ್ಟಿನ ಮುಂಭಾಗದ ಯುಎಸ್‌ಬಿ ಕೇಬಲ್‌ಗಳು ಹೊರಗೆ. ಉಳಿಯುವುದು ಬೋರ್ಡ್, ಪ್ರೊಸೆಸರ್, ಅದರ ಕೂಲರ್, ಎಸ್‌ಎಂಪಿಎಸ್‌ನ ಎರಡು ಕೇಬಲ್, ಒಂದೇ ಒಂದು ರ‍್ಯಾಮ್ ಪಟ್ಟಿ. 7600ರಲ್ಲಿ ಸ್ವಂತ ಗ್ರಾಫಿಕ್ಸ್ ಇರುವುದರಿಂದ ಮಾನಿಟರ್ ಕೇಬಲನ್ನು ಬೋರ್ಡಿನ ಕಿಂಡಿಗೇ ಹಾಕಬಹುದು. 7500ಎಫ್‌ನಂತೆ ಹೆಸರಿನ ಕೊನೆಗೆ ‘ಎಫ್’ ಇರುವ ಪ್ರೊಸೆಸರ್‌ಗಳಲ್ಲಿ ಅದು ಇರುವುದಿಲ್ಲ, ಅಲ್ಲಿ ಕಾರ್ಡ್ ಉಳಿಸಿಕೊಳ್ಳಲೇಬೇಕು.

ಒಂದೇ ಪಟ್ಟಿ ಹಾಕುವಾಗ ನಾಲ್ಕು ಸ್ಲಾಟ್‌ಗಳ ಬೋರ್ಡಿನಲ್ಲಿ ಪ್ರೊಸೆಸರ್ ಕಡೆಯಿಂದ ಎರಡನೆಯ ಸ್ಲಾಟ್ ಬಳಸಬೇಕು. ಅದರ ಬಳಿ A2 ಎಂದಿರುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಒಂದೇ ತುದಿಗೆ ಕೊಂಡಿ ಇರುವುದರಿಂದ ಇನ್ನೊಂದು ತುದಿ ಅರ್ಧವೇ ಕೂತಿದ್ದರೂ ಗೊತ್ತಾಗುವುದಿಲ್ಲ. ಎರಡೂ ತುದಿಗಳನ್ನು ಗಟ್ಟಿಯಾಗಿ ಒತ್ತಬೇಕು.

ಈಗ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುತ್ತಾ, ಪ್ರತಿ ಸಲವೂ ಟ್ರೈನಿಂಗ್ ಮುಗಿಯುವವರೆಗೆ ಕಾಯುತ್ತಾ ಹೋಗಬೇಕು.

1. ಮೊದಲ ಪಟ್ಟಿ A2ನಲ್ಲಿ: ಕೆಲ ನಿಮಿಷಗಳಲ್ಲಿ ಬಯೋಸ್ ಪರದೆ ಬಂತು.
2. ಅದನ್ನು ತೆಗೆದು ಎರಡನೆಯ ಪಟ್ಟಿ A2ನಲ್ಲಿ: ಈಗಲೂ ಬಂತು. ಅಂದರೆ ಎರಡೂ ಪಟ್ಟಿಗಳು ಕೆಲಸ ಮಾಡುತ್ತಿವೆ.
3. ಮೊದಲ ಪಟ್ಟಿ B2ನಲ್ಲಿ, ಅಂದರೆ ನಾಲ್ಕನೆಯ ಸ್ಲಾಟ್‌ನಲ್ಲಿ: DRAM ದೀಪ ಆರಲಿಲ್ಲ.
4. ಎರಡನೆಯ ಪಟ್ಟಿ B2ನಲ್ಲಿ: ಮತ್ತೆ ಅದೇ.

ದೀಪ DRAM ಎಂದಿತ್ತು, ಆದರೆ ರ‍್ಯಾಮ್ ನಿರ್ದೋಷಿ ಎಂದು ಈ ನಾಲ್ಕು ಹೆಜ್ಜೆಗಳು ತೋರಿಸಿದವು. ತೊಂದರೆ ಬಿ ಚಾನೆಲ್‌ನ ಹಾದಿಯಲ್ಲಿದೆ. ಆ ಹಾದಿ ಸ್ಲಾಟ್‌ನಿಂದ ಹೊರಟು, ಬೋರ್ಡಿನೊಳಗಿನ ಎಳೆಗಳ ಮೂಲಕ, ಸಾಕೆಟ್‌ನ ಪಿನ್‌ಗಳನ್ನು ದಾಟಿ ಪ್ರೊಸೆಸರ್ ಸೇರುತ್ತದೆ. ಇದರಲ್ಲಿ ಮನೆಯಲ್ಲಿ ನೋಡಲು ಆಗುವುದು ಸಾಕೆಟ್. ಎಎಂ5ನಲ್ಲಿ 1718 ಸೂಕ್ಷ್ಮ ಪಿನ್‌ಗಳು ಬೋರ್ಡಿನ ಕಡೆಯೇ ಇರುತ್ತವೆ. ಒಂದು ಸರಿಯಾಗಿ ಮುಟ್ಟದಿದ್ದರೂ ಒಂದು ಚಾನೆಲ್ ಹೋಗಬಹುದು.

ಕೂಲರ್ ಬಿಚ್ಚಿ, ಪ್ರೊಸೆಸರನ್ನು ನೇರವಾಗಿ ಮೇಲೆತ್ತಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದರೆ ಪಿನ್‌ಗಳ ಸಾಲು ಒಂದೇ ಸಮನೆ ಹೊಳೆಯಬೇಕು. ಬಾಗಿದ್ದು ಬೇರೆ ಥರ ಹೊಳೆಯುತ್ತದೆ. ನಮ್ಮ ಉದಾಹರಣೆಯಲ್ಲಿ ಪಿನ್‌ಗಳೆಲ್ಲ ನೆಟ್ಟಗಿದ್ದವು, ಒಂದು ಅಂಚಿನಲ್ಲಿ ಬಟ್ಟೆಯ ಸಣ್ಣ ಎಳೆಯೊಂದು ಸಿಕ್ಕಿಕೊಂಡಿತ್ತು. ಬೆರಳಾಗಲಿ ಬಟ್ಟೆಯಾಗಲಿ ತಾಗಿಸದೆ, ಕ್ಯಾಮೆರಾ ಸ್ವಚ್ಛಗೊಳಿಸುವ ರಬ್ಬರ್ ಬುರುಡೆಯಿಂದ ಗಾಳಿ ಊದಿ ಅದನ್ನು ಹಾರಿಸಿ, ಹೊಸ ಪೇಸ್ಟ್ ಹಚ್ಚಿ, ಕೂಲರ್‌ನ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದ ಮೇಲೆ B2 ಕೂಡ ಎಚ್ಚೆತ್ತಿತು. ಆಮೇಲೆ ಎರಡೂ ಪಟ್ಟಿ, ಎಸ್‌ಎಸ್‌ಡಿ, ಕೊನೆಗೆ ಕಾರ್ಡ್, ಹೀಗೆ ಒಂದೊಂದಾಗಿ ಸೇರಿಸುವುದು. ಸೇರಿಸಿದ ಯಾವುದಾದರೂ ಭಾಗದಿಂದ ಚಿತ್ರ ಮತ್ತೆ ಹೋದರೆ ಆಗ ಅದನ್ನು ಅನುಮಾನಿಸಬಹುದು.

ಪರೀಕ್ಷೆಗೂ ಮಿತಿಗಳಿವೆ

A2ನಲ್ಲೂ ಎರಡು ಪಟ್ಟಿಗಳೂ ಏಳದಿದ್ದರೆ ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರತೆಗೆದು ಅದರ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು ನೋಡಿ. ಬೋರ್ಡಿನ ಕೆಳಗೆ ತಪ್ಪು ಜಾಗದಲ್ಲಿ ಉಳಿದ ಹಿತ್ತಾಳೆಯ ಕಾಲು ಶಾರ್ಟ್ ಮಾಡುತ್ತಿದ್ದರೆ ಆಗ ತಿಳಿಯುತ್ತದೆ. ಆಗಲೂ ಏಳದಿದ್ದರೆ ಪ್ರೊಸೆಸರ್ ಕೆಟ್ಟಿದೆಯೋ ಬೋರ್ಡೋ ಎಂದು ಹೇಳಲು ಬದಲಿ ಭಾಗ ಬೇಕು, ದೀಪಗಳಿಂದ ಅದು ತಿಳಿಯದು. ಅಂಗಡಿಗೆ ಒಯ್ಯುವಾಗ ಯಾವ ಪಟ್ಟಿ ಯಾವ ಸ್ಲಾಟ್‌ನಲ್ಲಿದ್ದಾಗ ಯಾವ ದೀಪ ಉಳಿಯಿತು ಎಂದು ಬರೆದುಕೊಂಡು ಹೋಗಿ. ಪಿನ್ ಬಾಗಿದ್ದು ಕಂಡರೆ ಮೊದಲು ಫೋಟೊ ತೆಗೆದುಕೊಳ್ಳಿ. ಅದನ್ನು ಕೈಯಿಂದಾದ ಹಾನಿ ಎಂದು ಪರಿಗಣಿಸಿ ವಾರಂಟಿ ನಿರಾಕರಿಸುವುದುಂಟು.

ರಬ್ಬರ್ ಮಾತು ಎಲ್ಲಿಂದ ಬಂತು?

ವರ್ಷಗಟ್ಟಲೆ ಬಳಸಿದ ಯಂತ್ರದಲ್ಲಿ ರ‍್ಯಾಮ್‌ನ ಸಂಪರ್ಕ ಪಟ್ಟಿಗಳ ಮೇಲೆ ಕೊಳೆ ಕೂರುತ್ತದೆ. ಉಜ್ಜಿದರೆ ಅದು ಹೋಗುತ್ತದೆ, ತೆಗೆದು ಮತ್ತೆ ಹಾಕಿದ್ದರಿಂದಲೇ ಸಂಪರ್ಕ ಸರಿಹೋಗುವುದೂ ಇದೆ. ಆಗ ಹೆಸರು ಬರುವುದು ರಬ್ಬರ್‌ಗೆ. ಈಗಷ್ಟೇ ಪೊಟ್ಟಣ ಒಡೆದ ರ‍್ಯಾಮ್‌ನಲ್ಲಿ ಉಜ್ಜಿ ತೆಗೆಯಲು ಕೊಳೆ ಇರುವುದಿಲ್ಲ, ಇರುವುದು ತೆಳುವಾದ ಚಿನ್ನದ ಲೇಪ. ಉಜ್ಜಿದರೆ ಸವೆಯುವುದು ಅದೇ. ರಬ್ಬರ್‌ನ ಪುಡಿ ಸ್ಲಾಟ್‌ಗೆ ಬಿದ್ದರೆ ಇಲ್ಲದ ತೊಂದರೆಯೊಂದು ಹೊಸದಾಗಿ ಸೇರಿಕೊಳ್ಳುತ್ತದೆ.